ಆಗೊಮ್ಮೆ ಈಗೊಮ್ಮೆ ಮಾರುವ ಮಾಲಿಗೆ ಮೇಪ್ ಹೊಂದುತ್ತದೆಯೇ?

ಪ್ರಶ್ನೆ: ನಾನು ಧಾರವಾಡದವನು. ಪುಣೆಯ ಭೋಸರಿಯಲ್ಲಿ ಹೈಡ್ರಾಲಿಕ್ ಬಿಡಿಭಾಗಗಳ ವಿತರಕರೊಬ್ಬರಲ್ಲಿ ಸ್ಟಾಕ್ ಪ್ಲ್ಯಾನಿಂಗ್ ನೋಡಿಕೊಳ್ಳುತ್ತೇನೆ. ಒಂದು ಸೀಲ್ ಕಿಟ್‌ನ ಕಳೆದ ವರ್ಷದ ಬೇಡಿಕೆ ಜನವರಿಯಿಂದ ಡಿಸೆಂಬರ್‌ವರೆಗೆ ಹೀಗಿತ್ತು: 0, 0, 4, 0, 0, 0, 2, 0, 0, 6, 0, 0. ಅದಕ್ಕೂ ಹಿಂದಿನ ವರ್ಷಗಳ ಸರಾಸರಿ ನೋಡಿ ತಿಂಗಳಿಗೆ 1 ಎಂದು ಫೋರ್‌ಕಾಸ್ಟ್ ಹಾಕಿದ್ದೆವು. ಫೋರ್‌ಕಾಸ್ಟ್ ಎಷ್ಟು ತಪ್ಪಿತು ಎಂದು ಅಳೆಯುವ ಮೇಪ್ ನಮ್ಮ ಎಕ್ಸೆಲ್ ಶೀಟ್ ಪ್ರಕಾರ 17%. ಸಾಫ್ಟ್‌ವೇರ್ 69% ತೋರಿಸುತ್ತದೆ. ಹೆಡ್ ಆಫೀಸಿನವರು 150% ಎನ್ನುತ್ತಾರೆ. ಟಾರ್ಗೆಟ್ 30%ರ ಒಳಗಿರಬೇಕು. ಮಾಲು ಬರಲು ಎರಡು ತಿಂಗಳು ಬೇಕು, ತಿಂಗಳಿಗೊಮ್ಮೆ ಆರ್ಡರ್ ಹಾಕುತ್ತೇವೆ. 17% ಇದ್ದರೂ ಗಿರಾಕಿ ಬಂದಾಗ ಮಾಲು ಇರುವುದಿಲ್ಲ. ಯಾವ ಲೆಕ್ಕ ನಂಬಲಿ?

ಉತ್ತರ: 17% ಅನ್ನು ಇವತ್ತೇ ಕೈಬಿಡಿ, ಅದು ತಪ್ಪು ಲೆಕ್ಕ. 69% ಮತ್ತು 150% ಎರಡರಲ್ಲೂ ಗಣಿತ ಸರಿಯಾಗಿದೆ. ಆದರೆ ಗಿರಾಕಿ ಬಂದಾಗ ಮಾಲು ಇರುತ್ತದೋ ಇಲ್ಲವೋ ಎಂಬುದನ್ನು ಅವೆರಡೂ ಹೇಳುವುದಿಲ್ಲ.

17 ಎಲ್ಲಿಂದ ಬಂತು ಎಂಬುದನ್ನು ನಿಮ್ಮ ಶೀಟ್ ನೋಡದೆಯೇ ಊಹಿಸಬಲ್ಲೆ, ಏಕೆಂದರೆ ಪಿಂಪ್ರಿ-ಚಿಂಚ್‌ವಡ್ ಕಡೆಯ ಎಷ್ಟೋ ಕಂಪನಿಗಳ ಶೀಟುಗಳಲ್ಲಿ ಇದೇ ಸಾಲು ಕಂಡಿದ್ದೇನೆ:

```
=IFERROR(ABS(B2-C2)/B2, 0)
```

ಮೇಪ್ ಎಂದರೆ ಪ್ರತಿ ತಿಂಗಳ ತಪ್ಪನ್ನು ಆ ತಿಂಗಳ ಬೇಡಿಕೆಯಿಂದ ಭಾಗಿಸಿ, ಶೇಕಡಾಕ್ಕೆ ತಿರುಗಿಸಿ, ಎಲ್ಲ ತಿಂಗಳುಗಳ ಸರಾಸರಿ ತೆಗೆಯುವುದು. ಬೇಡಿಕೆ ಸೊನ್ನೆಯಾದ ತಿಂಗಳಲ್ಲಿ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಎಕ್ಸೆಲ್ ಎರರ್ ತೋರಿಸುತ್ತದೆ. ಆ ಎರರ್ ಕಾಣದಿರಲಿ ಎಂದು ಯಾರೋ ಕೊನೆಯಲ್ಲಿ ಒಂದು ಸೊನ್ನೆ ಸೇರಿಸಿರುತ್ತಾರೆ. ಹಾಗೆ ಮಾಡಿದಾಗ ಬೇಡಿಕೆಯಿಲ್ಲದ ಒಂಬತ್ತು ತಿಂಗಳೂ 'ತಪ್ಪೇ ಇಲ್ಲದ ತಿಂಗಳು' ಎಂದು ದಾಖಲಾಗುತ್ತವೆ. ಮಾರ್ಚ್, ಜುಲೈ, ಅಕ್ಟೋಬರ್‌ಗಳ ತಪ್ಪು 75%, 50% ಮತ್ತು 83.3%. ಮೂರನ್ನೂ ಕೂಡಿಸಿ 12ರಿಂದ ಭಾಗಿಸಿದರೆ 17.4%. ಇದೇ ಸೂತ್ರದಲ್ಲಿ ಫೋರ್‌ಕಾಸ್ಟ್ ಕಾಲಮ್ ಪೂರ್ತಿ ಸೊನ್ನೆ ಹಾಕಿ ನೋಡಿ. ಮೂರು ತಿಂಗಳು ತಲಾ 100% ತಪ್ಪು, ಉಳಿದ ಒಂಬತ್ತಕ್ಕೆ ಸೊನ್ನೆ, ಸರಾಸರಿ 25%. ವರ್ಷವಿಡೀ 'ಏನೂ ಮಾರುವುದಿಲ್ಲ' ಎಂದು ಹೇಳಿದವರು ಕೂಡ ನಿಮ್ಮ 30%ರ ಟಾರ್ಗೆಟ್ ಮುಟ್ಟುತ್ತಾರೆ.

ಸಾಫ್ಟ್‌ವೇರ್ ಆ ಒಂಬತ್ತು ತಿಂಗಳುಗಳನ್ನು ಸೊನ್ನೆ ಎಂದು ಎಣಿಸದೆ ಬಿಟ್ಟೇಬಿಡುತ್ತದೆ. 75, 50, 83.3ರ ಸರಾಸರಿಯೇ ಅದರ 69%. ಹೆಡ್ ಆಫೀಸಿನವರದು ಬೇರೆ ದಾರಿ. ಅವರು ಹನ್ನೆರಡು ತಿಂಗಳ ತಪ್ಪನ್ನೂ ತುಂಡುಗಳ ಲೆಕ್ಕದಲ್ಲಿ ಕೂಡಿಸಿ, ವರ್ಷದ ಒಟ್ಟು ಬೇಡಿಕೆಯಿಂದ ಭಾಗಿಸಿದ್ದಾರೆ. ಸೊನ್ನೆಯ ತಿಂಗಳುಗಳಲ್ಲಿ ತಲಾ 1ರಂತೆ 9, ಮಾರ್ಚ್‌ನಲ್ಲಿ 3, ಜುಲೈನಲ್ಲಿ 1, ಅಕ್ಟೋಬರ್‌ನಲ್ಲಿ 5, ಒಟ್ಟು 18. ಇದನ್ನು ಬೇಡಿಕೆಯ 12ರಿಂದ ಭಾಗಿಸಿದರೆ 150%. ಇದಕ್ಕೆ ವೇಪ್ ಎನ್ನುತ್ತಾರೆ. ದಿನವೂ ಮಾರುವ ಓ-ರಿಂಗ್, ಹೋಸ್, ಫಿಟಿಂಗ್‌ಗಳಿಗೆ ವೇಪ್ ಒಳ್ಳೆಯ ಅಳತೆ. ಸೊನ್ನೆಯಿಂದ ಭಾಗಿಸುವ ತಾಪತ್ರಯವೂ ಅದಕ್ಕಿಲ್ಲ.

ಹಾಗಾದರೆ ಈ ಸೀಲ್ ಕಿಟ್‌ಗೂ ವೇಪ್ ಹಾಕಿದರಾಯಿತಲ್ಲ ಎನ್ನಬಹುದು. ಅದೂ ನಡೆಯುವುದಿಲ್ಲ. ಯಾವುದೇ ಅಳತೆ ಹಿಡಿದು 'ಇದನ್ನು ಕಡಿಮೆ ಮಾಡಿ' ಎಂದು ಹೇಳಿದ ಕ್ಷಣವೇ, ಯಾವ ಫೋರ್‌ಕಾಸ್ಟ್ ಗೆಲ್ಲಬೇಕು ಎಂಬುದನ್ನೂ ನಾವು ತೀರ್ಮಾನಿಸಿಬಿಟ್ಟಿರುತ್ತೇವೆ. ಬೇಡಿಕೆ ಸಮವಾಗಿರುವ ಐಟಂಗಳಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ, ಎಲ್ಲ ಅಳತೆಗಳೂ ಹೆಚ್ಚುಕಡಿಮೆ ಒಂದೇ ಅಂಕಿಯ ಕಡೆ ಬೆರಳು ತೋರಿಸುತ್ತವೆ. ನಿಮ್ಮ ಕಿಟ್‌ನಂಥ ಐಟಂಗಳಲ್ಲಿ ಒಂದೊಂದೂ ಒಂದೊಂದು ದಿಕ್ಕಿಗೆ ಎಳೆಯುತ್ತದೆ.

ಮೂರು ಫೋರ್‌ಕಾಸ್ಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಮೊದಲನೆಯದು ನಿಮ್ಮದು, ಪ್ರತಿ ತಿಂಗಳೂ 1. ಎರಡನೆಯದು ಪ್ರತಿ ತಿಂಗಳೂ 0. ಮೂರನೆಯದು ಪ್ರತಿ ತಿಂಗಳೂ 4, ಅಂದರೆ ಮಾರಾಟವಾದ ಮೂರು ತಿಂಗಳುಗಳ ಸರಾಸರಿ.

ಸೊನ್ನೆ ತಿಂಗಳು ಬಿಟ್ಟ ಮೇಪ್‌ನಲ್ಲಿ ಇವು ಕ್ರಮವಾಗಿ 69%, 100% ಮತ್ತು 44%. ಗೆದ್ದದ್ದು 4. ವರ್ಷಕ್ಕೆ 12 ಕಿಟ್ ಹೋಗುವ ಕಡೆ 48ರ ಅಂದಾಜು ಗೆದ್ದಿದೆ. ಖಾಲಿ ತಿಂಗಳುಗಳಲ್ಲಿ ಎಷ್ಟು ಹೆಚ್ಚು ಹೇಳಿದರೂ ಕೇಳುವವರಿಲ್ಲದ್ದರಿಂದ ಹೀಗಾಗುತ್ತದೆ. ಇನ್ನೂ ಒಂದು ವಿಚಿತ್ರ ಇದೆ. ಇದೇ ಅಳತೆಯಲ್ಲಿ 4ಕ್ಕಿಂತ 2 ಇನ್ನೂ ಮೇಲು, 39%. ಮಾರಿದ 4, 2, 6ರಲ್ಲಿ ಅತಿ ಚಿಕ್ಕದನ್ನೇ ಅದು ಆರಿಸಿಕೊಂಡಿತು. ಬೇಡಿಕೆಗಿಂತ ಕಡಿಮೆ ಹೇಳಿದರೆ ಮೇಪ್‌ನ ತಪ್ಪು 100% ದಾಟುವುದಿಲ್ಲ, ಹೆಚ್ಚು ಹೇಳಿದರೆ ಅದಕ್ಕೆ ಮಿತಿಯೇ ಇಲ್ಲ. ಹೀಗಾಗಿ ಮೇಪ್ ಯಾವಾಗಲೂ ಚಿಕ್ಕ ಅಂಕಿಯ ಕಡೆ ಒಲಿಯುತ್ತದೆ. ಇದು ಸರಾಗವಾಗಿ ಮಾರುವ ಐಟಂಗಳಲ್ಲೂ ಇರುವ ದೋಷವೇ.

ವೇಪ್‌ಗೆ ಬರೋಣ. 1ಕ್ಕೆ 150%, 0ಗೆ 100%, 4ಕ್ಕೆ 333%. ಇಲ್ಲಿ ಗೆದ್ದದ್ದು ಸೊನ್ನೆ! ತಪ್ಪುಗಳನ್ನು ಪ್ಲಸ್-ಮೈನಸ್ ಬಿಟ್ಟು ಹಾಗೆಯೇ ಕೂಡಿಸುವ ಯಾವ ಅಳತೆಯಾದರೂ ನಡುವಿನ ಬೆಲೆಯನ್ನು, ಅಂದರೆ ಮೀಡಿಯನ್ ಅನ್ನು ಬಯಸುತ್ತದೆ. ಅರ್ಧಕ್ಕಿಂತ ಹೆಚ್ಚು ತಿಂಗಳು ಸೊನ್ನೆಯಿದ್ದರೆ ಮೀಡಿಯನ್ ಸೊನ್ನೆಯೇ. ನಿಮ್ಮ ಟಾರ್ಗೆಟ್ ಅನ್ನು ಮೇಪ್‌ನಿಂದ ವೇಪ್‌ಗೆ ಬದಲಿಸಿದರೆ, ಸಾಫ್ಟ್‌ವೇರ್ ನಿಧಾನವಾಗಿ ಈ ಜಾತಿಯ ಐಟಂಗಳಿಗೆಲ್ಲ ಸೊನ್ನೆ ಫೋರ್‌ಕಾಸ್ಟ್ ಕೊಡಲು ಶುರುಮಾಡುತ್ತದೆ. ರಿಪೋರ್ಟ್ ಸುಧಾರಿಸುತ್ತದೆ, ರ‍್ಯಾಕ್ ಖಾಲಿಯಾಗುತ್ತದೆ. 2006ರಲ್ಲಿ ಹೈಂಡ್‌ಮನ್ ಮತ್ತು ಕೋಹ್ಲರ್ ಸೂಚಿಸಿದ ಮೇಸ್ ಎಂಬ ಅಳತೆ ಸೊನ್ನೆಯಿಂದ ಭಾಗಿಸುವ ಸಮಸ್ಯೆಯನ್ನು ಚೆನ್ನಾಗಿಯೇ ಬಗೆಹರಿಸಿತು. ಆದರೆ ಅದೂ ತಪ್ಪುಗಳನ್ನು ಹಾಗೆಯೇ ಕೂಡಿಸುವುದರಿಂದ ಸೊನ್ನೆಯ ಮೇಲಿನ ಒಲವು ಉಳಿದೇ ಇದೆ. ಸಿಮೆಟ್ರಿಕ್ ಮೇಪ್ ಹಾಕಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೇಡಿಕೆ ಸೊನ್ನೆಯಿದ್ದಾಗ ನೀವು 1 ಹೇಳಿದರೂ 100 ಹೇಳಿದರೂ ಅದು ಒಂದೇ 200% ತೋರಿಸುತ್ತದೆ.

ತಪ್ಪನ್ನು ವರ್ಗ ಮಾಡಿ ಕೂಡಿಸಿದಾಗ ಚಿತ್ರ ಬದಲಾಗುತ್ತದೆ. ನಿಮ್ಮ 1ಕ್ಕೆ ವರ್ಗಗಳ ಮೊತ್ತ 44, ಸೊನ್ನೆಗೆ 56, 4ಕ್ಕೆ 152. ಹನ್ನೆರಡರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.91, 2.16 ಮತ್ತು 3.56. ಈ ಅಳತೆಯ ಹೆಸರು ಆರ್‌ಎಂಎಸ್‌ಇ, ಅದು ಬಯಸುವುದು ನಿಜವಾದ ಸರಾಸರಿಯನ್ನು. ಗೆದ್ದದ್ದು ನಿಮ್ಮ 1. 2020ರ ಎಂ5 ಫೋರ್‌ಕಾಸ್ಟ್ ಸ್ಪರ್ಧೆಯಲ್ಲಿ ವಾಲ್‌ಮಾರ್ಟ್‌ನ ಮಾರಾಟದ ಅಂಕಿಗಳನ್ನು ಕೊಟ್ಟಿದ್ದರು. ಅದರಲ್ಲಿ ಸೊನ್ನೆ ತುಂಬಿದ ಸಾಲುಗಳೇ ಬಹಳ. ಅಲ್ಲಿ ವರ್ಗ ಮಾಡುವ ಅಳತೆಯನ್ನೇ ಆರಿಸಿದ್ದು ಇದೇ ಕಾರಣಕ್ಕೆ. ಎಕ್ಸೆಲ್‌ನಲ್ಲಿ ಒಂದೇ ಸಾಲು, B ಕಾಲಮ್ ಬೇಡಿಕೆ, C ಫೋರ್‌ಕಾಸ್ಟ್:

```
=SQRT(SUMXMY2(B2:B13,C2:C13)/COUNT(B2:B13))
```

ಇದಕ್ಕೂ ಮಿತಿಯಿದೆ. ಮೇಲಿನ 44ರಲ್ಲಿ 25 ಬಂದದ್ದು ಅಕ್ಟೋಬರ್ ಒಂದರಿಂದಲೇ, ಒಂದು ದೊಡ್ಡ ಆರ್ಡರ್ ಇಡೀ ವರ್ಷದ ಅಂಕಿಯನ್ನು ಎತ್ತಿಬಿಡುತ್ತದೆ. ಜೊತೆಗೆ 1.91 ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ಹೇಳಲಾರರು. ಅದನ್ನು ಟಾರ್ಗೆಟ್ ಮಾಡಬೇಡಿ. ಒಂದೇ ಐಟಂಗೆ ಎರಡು ವಿಧಾನಗಳಲ್ಲಿ ಯಾವುದು ಮೇಲು ಎಂದು ಹೋಲಿಸಲು ಮಾತ್ರ ಬಳಸಿ.

ಈಗ ಬಯಾಸ್. ಸೊನ್ನೆ ತುಂಬಿದ ಐಟಂಗಳಿಗೆ ಒಂದೇ ಅಳತೆ ಇಟ್ಟುಕೊಳ್ಳಬೇಕೆಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಫೋರ್‌ಕಾಸ್ಟ್‌ನ ಮೊತ್ತದಿಂದ ಬೇಡಿಕೆಯ ಮೊತ್ತ ಕಳೆಯಿರಿ, ಬೇಡಿಕೆಯ ಮೊತ್ತದಿಂದ ಭಾಗಿಸಿ. ಪ್ಲಸ್ ಬಂದರೆ ಹೆಚ್ಚು ಹೇಳುತ್ತಿದ್ದೀರಿ, ಮೈನಸ್ ಬಂದರೆ ಕಡಿಮೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಚಿಹ್ನೆ ಉಲ್ಟಾ ಇರುತ್ತದೆ, ಒಮ್ಮೆ ನೋಡಿಕೊಳ್ಳಿ. ನಿಮ್ಮ 1ರ ಬಯಾಸ್ ವರ್ಷಕ್ಕೆ ಸೊನ್ನೆ. ಫೋರ್‌ಕಾಸ್ಟ್ 0 ಆಗಿದ್ದರೆ −100%, 4 ಆಗಿದ್ದರೆ +300%. ಮೇಪ್ ಮತ್ತು ವೇಪ್ ಮೆಚ್ಚಿದ ಎರಡೂ ಅಂಕಿಗಳು ಇಲ್ಲಿ ಸಿಕ್ಕಿಬೀಳುತ್ತವೆ.

ಆದರೆ ಬಯಾಸ್ ಅನ್ನು ಎಷ್ಟು ಅವಧಿಗೆ ನೋಡುತ್ತೀರಿ ಎಂಬುದು ಮುಖ್ಯ. ನಿಮ್ಮ ಕಿಟ್‌ನ ತಪ್ಪನ್ನು ತಿಂಗಳು ತಿಂಗಳು ಕೂಡಿಸುತ್ತ ಹೋದರೆ ಜನವರಿಯಿಂದ ಹೀಗೆ ಬರುತ್ತದೆ: +1, +2, −1, 0, +1, +2, +1, +2, +3, −2, −1, 0. ಸೆಪ್ಟೆಂಬರ್ ಕೊನೆಗೆ ಮೀಟಿಂಗ್ ಇದ್ದಿದ್ದರೆ 6ರ ಬೇಡಿಕೆಗೆ 9 ಹೇಳಿದ್ದೀರಿ, 50% ಹೆಚ್ಚು, ಫೋರ್‌ಕಾಸ್ಟ್ ಇಳಿಸಿ ಎನ್ನುತ್ತಿದ್ದರು. ಇಳಿಸಿದ ಮರುತಿಂಗಳೇ 6ರ ಆರ್ಡರ್ ಬರುತ್ತಿತ್ತು. ವರ್ಷಕ್ಕೆ ಮೂರು ನಾಲ್ಕು ಸಲ ಮಾರುವ ಐಟಂನ ಬಯಾಸ್ ಅನ್ನು ಹನ್ನೆರಡು ತಿಂಗಳಿಗಿಂತ ಕಡಿಮೆ ಅವಧಿಗೆ ನೋಡಲೇಬಾರದು. ಇಪ್ಪತ್ನಾಲ್ಕು ತಿಂಗಳಾದರೆ ಇನ್ನೂ ಒಳ್ಳೆಯದು. ತಿಂಗಳ ರಿಪೋರ್ಟ್ ಕೊಡಲೇಬೇಕಾದರೆ ಒಂದೇ ತೆರನ ಐವತ್ತು ಅರವತ್ತು ಕಿಟ್‌ಗಳನ್ನು ಗುಂಪು ಮಾಡಿ, ಗುಂಪಿನ ಬಯಾಸ್ ರೂಪಾಯಿಯಲ್ಲಿ ಕೊಡಿ. ಗುಂಪಿನೊಳಗೆ ಒಂದರ ಹೆಚ್ಚು ಇನ್ನೊಂದರ ಕಡಿಮೆಯನ್ನು ಮುಚ್ಚಿಹಾಕುವುದು ಉಂಟು. ಹಾಗಾಗಿ ವರ್ಷದ ಬೇಡಿಕೆಗಿಂತ ದುಪ್ಪಟ್ಟು ಹೇಳಿದ ಐಟಂಗಳು ಎಷ್ಟು, ಅರ್ಧಕ್ಕಿಂತ ಕಡಿಮೆ ಹೇಳಿದವು ಎಷ್ಟು ಎಂಬ ಎಣಿಕೆಯನ್ನೂ ಪಕ್ಕದಲ್ಲಿಡಿ.

ಅಳೆಯಬೇಕಾದದ್ದು ಯಾವ ಫೋರ್‌ಕಾಸ್ಟ್ ಎಂಬುದನ್ನೂ ಗಮನಿಸಿ. ಅಕ್ಟೋಬರ್ 1ಕ್ಕೆ ತಿದ್ದಿದ ಅಂಕಿ ಅಲ್ಲ. ಮಾಲು ಬರಲು ಎರಡು ತಿಂಗಳು ಬೇಕೆಂದ ಮೇಲೆ, ಆಗಸ್ಟ್ ಆರಂಭದಲ್ಲಿ ಆರ್ಡರ್ ಹಾಕುವಾಗ ಅಕ್ಟೋಬರ್‌ಗೆಂದು ಏನು ಹಾಕಿದ್ದಿರೋ ಅದು. ಆ ಅಂಕಿಯನ್ನು ಬೇರೆ ಕಾಲಮ್‌ನಲ್ಲಿ ಹಾಗೆಯೇ ಉಳಿಸಿಕೊಳ್ಳಿ, ಯಾರೂ ಮುಟ್ಟಬಾರದು.

ನಿಮ್ಮ ಸಾಫ್ಟ್‌ವೇರ್‌ನಲ್ಲಿ ಕ್ರಾಸ್ಟನ್ ವಿಧಾನ ಆನ್ ಆಗಿದ್ದರೆ ಬಯಾಸ್ ನೋಡಲು ಇನ್ನೂ ಒಂದು ಕಾರಣವಿದೆ. 1972ರಲ್ಲಿ ಕ್ರಾಸ್ಟನ್ ಕೊಟ್ಟ ಈ ವಿಧಾನ ಆರ್ಡರ್‌ನ ಗಾತ್ರ ಮತ್ತು ಆರ್ಡರ್‌ಗಳ ನಡುವಿನ ಅಂತರ ಎರಡನ್ನೂ ಬೇರೆಬೇರೆಯಾಗಿ ಅಂದಾಜಿಸಿ ಭಾಗಿಸುತ್ತದೆ. ವಿಚಾರ ಒಳ್ಳೆಯದೇ, ಆದರೆ ಅದು ಸ್ವಲ್ಪ ಹೆಚ್ಚೇ ಹೇಳುತ್ತದೆ ಎಂದು ಸಿಂಟೆಟೋಸ್ ಮತ್ತು ಬಾಯ್ಲನ್ ತೋರಿಸಿದರು. 2005ರಲ್ಲಿ ಅವರು ಕೊಟ್ಟ ತಿದ್ದುಪಡಿ ಸರಳ: ಹೊಸ ಅಂಕಿಗೆ ಎಷ್ಟು ತೂಕ ಎಂದು ಹೇಳುವ ಸ್ಮೂತಿಂಗ್ ಸಂಖ್ಯೆಯ ಅರ್ಧದಷ್ಟು ಕಡಿತ. ಅದು 0.1 ಇದ್ದರೆ ಫೋರ್‌ಕಾಸ್ಟ್ 5% ಇಳಿಯುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಸತ್ತ ಐಟಂಗಳದ್ದು. ಕ್ರಾಸ್ಟನ್‌ನಲ್ಲಿ ಬೇಡಿಕೆ ಬಂದ ತಿಂಗಳು ಮಾತ್ರ ಅಂಕಿ ಬದಲಾಗುತ್ತದೆ. ಈ ಕಿಟ್ ಕೂರುವ ಮಾಡೆಲ್‌ನ ಪ್ರೆಸ್ ಮೆಷಿನ್ ಎಲ್ಲ ಕಡೆ ಸ್ಕ್ರ್ಯಾಪ್‌ಗೆ ಹೋಗಿ ಎರಡು ವರ್ಷ ಯಾರೂ ಕಿಟ್ ಕೇಳದಿದ್ದರೂ ಫೋರ್‌ಕಾಸ್ಟ್ ಅಲ್ಲೇ ನಿಂತಿರುತ್ತದೆ. ಇದು ಮೇಪ್‌ನಲ್ಲಿ ಎಂದೂ ಕಾಣುವುದಿಲ್ಲ, ಏಕೆಂದರೆ ಬೇಡಿಕೆಯೇ ಇಲ್ಲದ ಐಟಂ ಆ ರಿಪೋರ್ಟಿಗೆ ಬರುವುದೇ ಇಲ್ಲ. ತುಂಡುಗಳ ಲೆಕ್ಕದ ಬಯಾಸ್‌ನಲ್ಲಿ ಪ್ಲಸ್ ಬೆಳೆಯುತ್ತ ಹೋಗುವುದು ಸ್ಪಷ್ಟವಾಗಿ ಕಾಣುತ್ತದೆ.

ಇಷ್ಟಾದರೂ ನಿಮ್ಮ ಮೂಲ ತೊಂದರೆ ಉಳಿದೇ ಇದೆ. ಬಯಾಸ್ ಸೊನ್ನೆ, ಆರ್‌ಎಂಎಸ್‌ಇ ಮೂರರಲ್ಲಿ ಕಡಿಮೆ, ಆದರೂ ಮಾಲಿಲ್ಲ. ಏಕೆಂದರೆ ಸರಾಸರಿ ಸರಿಯಿದ್ದ ಮಾತ್ರಕ್ಕೆ ಸ್ಟಾಕ್ ಸರಿಯಾಗುವುದಿಲ್ಲ. ಇವತ್ತು ಹಾಕಿದ ಆರ್ಡರ್ ಎರಡು ತಿಂಗಳಿಗೆ ಬರುತ್ತದೆ, ಮುಂದಿನ ತಿಂಗಳು ಹಾಕುವುದು ಮೂರು ತಿಂಗಳಿಗೆ. ಅಲ್ಲಿಯವರೆಗಿನ ಮೂರು ತಿಂಗಳನ್ನು ಈಗ ಕೈಯಲ್ಲಿರುವ ಮಾಲು ಮತ್ತು ಬರಬೇಕಾದ ಮಾಲು ಸೇರಿ ನಿಭಾಯಿಸಬೇಕು. ಆದ್ದರಿಂದ ನೀವು ನೋಡಬೇಕಾದದ್ದು ಒಂದು ತಿಂಗಳ ಬೇಡಿಕೆಯನ್ನಲ್ಲ, ಯಾವುದೇ ಸತತ ಮೂರು ತಿಂಗಳ ಬೇಡಿಕೆಯನ್ನು.

ನಿಮ್ಮ ವರ್ಷದಲ್ಲಿ ಅಂಥ ಹತ್ತು ತುಣುಕುಗಳು ಸಿಗುತ್ತವೆ. ಜನವರಿ–ಮಾರ್ಚ್ 4, ಫೆಬ್ರವರಿ–ಏಪ್ರಿಲ್ 4, ಹೀಗೆ ಮುಂದುವರಿದರೆ ಮೊದಲ ಎರಡೂ ಸೇರಿ ಹತ್ತೂ 4, 4, 4, 0, 2, 2, 2, 6, 6, 6. ತಿಂಗಳಿಗೆ 1ರಂತೆ 3 ಕಿಟ್‌ಗೆ ಸ್ಟಾಕ್ ಮಟ್ಟ ನಿಲ್ಲಿಸಿದರೆ ಹತ್ತರಲ್ಲಿ ನಾಲ್ಕು ತುಣುಕು ಮಾತ್ರ ಪಾರಾಗುತ್ತವೆ. 4 ಇಟ್ಟರೆ ಏಳು, 6 ಇಟ್ಟರೆ ಹತ್ತೂ. ನಿಮ್ಮ ರ‍್ಯಾಕ್ ಖಾಲಿಯಾಗಲು ಕಾರಣ ಫೋರ್‌ಕಾಸ್ಟ್‌ನ 1 ಅಲ್ಲ, ಆ 1ನ್ನು ಮೂರರಿಂದ ಗುಣಿಸಿ ಅದಕ್ಕೇ ಆರ್ಡರ್ ಹಾಕಿದ್ದು ಎಂದು ನನ್ನ ಅನಿಸಿಕೆ.

ಈ ತುಣುಕುಗಳ ಲೆಕ್ಕವೇ ಇಂಥ ಐಟಂಗೆ ನಿಜವಾದ ನಿಖರತೆಯ ಪರೀಕ್ಷೆ. 90% ಸಲ ಮಾಲಿರಬೇಕು ಎಂದು ಮಟ್ಟ ಹಾಕಿದ್ದರೆ, ಆಮೇಲೆ ಬಂದ ತಿಂಗಳುಗಳಲ್ಲಿ ನಿಜಕ್ಕೂ 90%ರ ಹತ್ತಿರದ ತುಣುಕುಗಳು ಆ ಮಟ್ಟದೊಳಗೆ ನಿಂತವೇ ಎಂದು ನೋಡುವುದು. 70% ಮಾತ್ರ ನಿಂತರೆ ಮಟ್ಟ ಕಡಿಮೆ. ಒಂದೂ ಬಿಡದೆ ನಿಂತು, ಸ್ಟಾಕ್‌ನ ಹಣವೂ ಏರುತ್ತಿದ್ದರೆ ಮಟ್ಟ ಹೆಚ್ಚು. ಇದಕ್ಕೆ ಒಂದು ವರ್ಷದ ಅಂಕಿ ಸಾಲದು. ಹತ್ತು ತುಣುಕು ಎಂದು ಕಂಡರೂ ಅವುಗಳ ಹಿಂದಿರುವುದು ಮೂರೇ ಆರ್ಡರ್. ಮೂರು ವರ್ಷ ತೆಗೆದುಕೊಂಡರೆ 34 ತುಣುಕುಗಳಾಗುತ್ತವೆ. ಮೊದಲ ಎರಡು ವರ್ಷ ನೋಡಿ ಮಟ್ಟ ಹಾಕಿ, ಮೂರನೆಯ ವರ್ಷದಲ್ಲಿ ಪರೀಕ್ಷಿಸಿ. ಅಂಕಿ ಇನ್ನೂ ವಿರಳವಾಗಿದ್ದರೆ ಹೋಲುವ ಕಿಟ್‌ಗಳನ್ನೆಲ್ಲ ಸೇರಿಸಿ ಎಣಿಸಿ.

ಗಿರಾಕಿಯ ಕಡೆಯಿಂದಲೂ ಒಂದು ಮಾತು. ಪ್ರೆಸ್‌ಗೆ ನಾಲ್ಕು ಸಿಲಿಂಡರ್ ಇದ್ದು ನಾಲ್ಕು ಕಿಟ್ ಕೇಳಿದವರಿಗೆ ಮೂರು ಕೊಟ್ಟರೆ 75% ಪೂರೈಸಿದಂತೆ ಸಿಸ್ಟಮ್‌ನಲ್ಲಿ ಬರುತ್ತದೆ, ಪ್ರೆಸ್ ಮಾತ್ರ ಓಡುವುದಿಲ್ಲ. ಇಂಥ ಕಡೆ ತುಂಡುಗಳನ್ನು ಎಣಿಸದೆ, ಪೂರ್ತಿ ಕೊಟ್ಟ ಆರ್ಡರ್‌ಗಳನ್ನು ಎಣಿಸಿ.

ಹೆಡ್ ಆಫೀಸಿಗೆ ಏನು ಹೇಳುವುದು? 30% ಸಾಧ್ಯವಿಲ್ಲ ಎಂದಷ್ಟೇ ಹೇಳಿದರೆ ನೆಪ ಎನಿಸುತ್ತದೆ. ಮೇಲಿನ ಮೂರು ಫೋರ್‌ಕಾಸ್ಟ್‌ಗಳ ಲೆಕ್ಕವನ್ನು ಒಂದೇ ಪುಟದಲ್ಲಿ ತೋರಿಸಿ, ಈ ಟಾರ್ಗೆಟ್ ಇಟ್ಟರೆ ನಿಮ್ಮ ಎಕ್ಸೆಲ್ ಸೂತ್ರದಲ್ಲಿ ಸೊನ್ನೆ ಫೋರ್‌ಕಾಸ್ಟ್ ಪಾಸಾಗುತ್ತದೆ, ವೇಪ್‌ನಲ್ಲೂ ಸೊನ್ನೆಯೇ ಗೆಲ್ಲುತ್ತದೆ ಎಂಬುದನ್ನು ಅವರೇ ನೋಡಲಿ. ಅವಧಿ ಬದಲಾದರೆ ಶೇಕಡಾ ಎಷ್ಟು ಬದಲಾಗುತ್ತದೆ ಎಂಬುದನ್ನೂ ತೋರಿಸಿ. ನಿಮ್ಮದೇ ಫೋರ್‌ಕಾಸ್ಟ್ ಅನ್ನು ಮೂರು ಮೂರು ತಿಂಗಳ ನಾಲ್ಕು ಕಂತುಗಳಲ್ಲಿ ಅಳೆದರೆ ಬೇಡಿಕೆ 4, 0, 2, 6, ಫೋರ್‌ಕಾಸ್ಟ್ ತಲಾ 3, ತಪ್ಪಿನ ಮೊತ್ತ 8. ವೇಪ್ 150%ರಿಂದ 67%ಕ್ಕೆ ಇಳಿಯಿತು, ಫೋರ್‌ಕಾಸ್ಟ್‌ನಲ್ಲಿ ಒಂದು ಅಂಕಿಯೂ ಬದಲಾಗಿಲ್ಲ. ಆಮೇಲೆ ಕೇಳಿಕೊಳ್ಳಿ: ಬಹುತೇಕ ಪ್ರತಿ ತಿಂಗಳೂ ಮಾರುವ ಐಟಂಗಳಿಗೆ ವೇಪ್ ಟಾರ್ಗೆಟ್ ಇರಲಿ, ಅರ್ಧಕ್ಕಿಂತ ಹೆಚ್ಚು ತಿಂಗಳು ಸೊನ್ನೆಯಿರುವ ಐಟಂಗಳಿಗೆ ವರ್ಷದ ಬಯಾಸ್, ಪೂರ್ತಿ ಕೊಟ್ಟ ಆರ್ಡರ್‌ಗಳ ಪ್ರಮಾಣ, ಅದಕ್ಕೆ ಹೂಡಿದ ಹಣ, ಈ ಮೂರೇ ಸಾಕು. ಕೊನೆಯ ಎರಡನ್ನು ಬೇರ್ಪಡಿಸಲು ಬಿಡಬೇಡಿ. ಮಾಲು ಪೂರೈಸಿದ ಪ್ರಮಾಣವನ್ನಷ್ಟೇ ಟಾರ್ಗೆಟ್ ಮಾಡಿದರೆ ರ‍್ಯಾಕ್ ತುಂಬಿಸುವುದು ಸುಲಭದ ದಾರಿಯಾಗಿಬಿಡುತ್ತದೆ.

ಇನ್ನು ಅಕ್ಟೋಬರ್‌ನ 6. ಗಿರಾಕಿ ಕಾರ್ಖಾನೆ ದೀಪಾವಳಿ ಮೆಂಟೆನೆನ್ಸ್‌ಗೆ ಮೆಷಿನ್ ನಿಲ್ಲಿಸುವಾಗ ಕೊಂಡದ್ದಾಗಿದ್ದರೆ ಅದು ಫೋರ್‌ಕಾಸ್ಟ್ ಮಾಡುವ ವಿಷಯವೇ ಅಲ್ಲ. ಆಗಸ್ಟ್‌ನಲ್ಲೇ ಅವರ ಮೆಂಟೆನೆನ್ಸ್ ವಿಭಾಗಕ್ಕೆ ಫೋನ್ ಮಾಡಿ 'ಈ ಸಲ ಯಾವ ಪ್ರೆಸ್ ಬಿಚ್ಚುತ್ತೀರಿ' ಎಂದು ಕೇಳಿದರೆ ಯಾವ ವಿಧಾನವೂ ಕೊಡದಷ್ಟು ಖಚಿತ ಉತ್ತರ ಸಿಗುತ್ತದೆ. ಹಾಗೆ ಮೊದಲೇ ತಿಳಿದ ಆರ್ಡರ್‌ಗಳನ್ನು ಬೇರೆ ಕಾಲಮ್‌ಗೆ ಹಾಕಿ, ಉಳಿದದ್ದಕ್ಕೆ ಮಾತ್ರ ಫೋರ್‌ಕಾಸ್ಟ್ ಮಾಡಿ.

ಅಳತೆ ಬದಲಿಸುವ ಮೊದಲು ಆ ಒಂಬತ್ತು ಸೊನ್ನೆಗಳನ್ನು ಒಂದೊಂದಾಗಿ ತೆರೆದು ನೋಡಿ. ಮೇ ತಿಂಗಳಲ್ಲಿ ಯಾರೂ ಕೇಳಲಿಲ್ಲವೋ, ಕೇಳಿದವರಿಗೆ ಮಾಲಿಲ್ಲವೆಂದು ಕೌಂಟರ್‌ನವರು ವಾಪಸು ಕಳಿಸಿದರೋ? ನಿಮ್ಮ ಸಿಸ್ಟಮ್‌ನಲ್ಲಿರುವುದು ಬಿಲ್ ಆದ ಮಾರಾಟ, ಬೇಡಿಕೆಯಲ್ಲ. ಸ್ಟಾಕ್ ಖಾಲಿಯಿದ್ದ ತಿಂಗಳ ಸೊನ್ನೆಯನ್ನು ಬೇಡಿಕೆಯ ಸೊನ್ನೆ ಎಂದು ಎಣಿಸಿದರೆ ಸರಾಸರಿ ಇಳಿಯುತ್ತದೆ, ಆರ್ಡರ್ ಇಳಿಯುತ್ತದೆ, ಮತ್ತೆ ಸ್ಟಾಕ್ ಖಾಲಿಯಾಗುತ್ತದೆ. ಬಯಾಸ್ ಮಾತ್ರ ಸೊನ್ನೆಯಲ್ಲೇ ನಿಂತು ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ. ಆ ತಿಂಗಳುಗಳ ಕೋಶವನ್ನು ಖಾಲಿ ಬಿಡಿ, ಅದರ ಫೋರ್‌ಕಾಸ್ಟ್ ಕೋಶವನ್ನೂ ಖಾಲಿ ಮಾಡಿ, ಲೆಕ್ಕಕ್ಕೆ ಸೇರಿಸಬೇಡಿ. ಇನ್ನು ಮುಂದೆ ಕೌಂಟರ್‌ನಲ್ಲಿ ಒಂದು ರಿಜಿಸ್ಟರ್ ಇಡಿಸಿ. ಕೇಳಿದ ದಿನ, ಐಟಂ ನಂಬರ್, ಎಷ್ಟು ಬೇಕಿತ್ತು, ಕೊಟ್ಟದ್ದೆಷ್ಟು, ಕಾಯುತ್ತೇನೆ ಎಂದರೋ ಬೇರೆ ಕಡೆ ಹೋದರೋ, ಇಷ್ಟು ಬರೆದರೆ ಸಾಕು. ದಿನದ ಲೆಕ್ಕಕ್ಕೆ ಇಳಿದರೆ ಭೋಸರಿಯ ಗುರುವಾರದ ರಜೆಯನ್ನು ಬೇಡಿಕೆಯಿಲ್ಲದ ದಿನವೆಂದು ಹಾಕಬೇಡಿ. ಆರು ತಿಂಗಳು ಈ ರಿಜಿಸ್ಟರ್ ತುಂಬಿದ ಮೇಲೆ ಅದೇ ಕಿಟ್‌ನ ಅಂಕಿಗಳನ್ನು ಮತ್ತೆ ಕಳಿಸಿ, ಸ್ಟಾಕ್ ಮಟ್ಟ 4 ಇರಬೇಕೋ 6 ಇರಬೇಕೋ ಎಂಬುದನ್ನು ಆಗ ಕೂತು ನೋಡೋಣ.